ಮಹಿಳಾ ಪಿಜಿ: ಫಲಕದ ಬಾಡಿಗೆ, ಕೈಯಿಂದ ಹೋಗುವ ಹಣ

ಬೆಂಗಳೂರಿನ ಮಾರತಹಳ್ಳಿ, ಬೆಳ್ಳಂದೂರು, ಎಲೆಕ್ಟ್ರಾನಿಕ್ ಸಿಟಿಯಂಥ ಕಚೇರಿ ಪ್ರದೇಶಗಳಲ್ಲಿ ಉದ್ಯೋಗಸ್ಥ ಮಹಿಳೆಯರ ಪಿಜಿ ಜಾಹೀರಾತುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿರುತ್ತವೆ. ಒಬ್ಬರ, ಇಬ್ಬರ ಅಥವಾ ಮೂವರ ಶೇರಿಂಗ್, ಪ್ರತಿ ಹಾಸಿಗೆಗೆ ಬಾಡಿಗೆ, ಅಡ್ವಾನ್ಸ್, ಊಟ, ವೈಫೈ, ಬಿಸಿನೀರು, ವಾಷಿಂಗ್ ಮೆಷಿನ್, ಕೊನೆಯಲ್ಲಿ ನಿಯಮಗಳು. ತಿಂಗಳಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂಬುದನ್ನು ಬಾಡಿಗೆಯ ಅಂಕಿಗಿಂತ ಊಟದ ವಿವರ ಮತ್ತು ನಿಯಮಗಳೇ ಹೆಚ್ಚಾಗಿ ನಿರ್ಧರಿಸುತ್ತವೆ.

ಒಂದು ಲೆಕ್ಕ ನೋಡಬಹುದು. ಮೊದಲ ಪಿಜಿಯಲ್ಲಿ ಇಬ್ಬರ ಶೇರಿಂಗ್‌ಗೆ ಬಾಡಿಗೆ ₹9,000. ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟ ಮಾತ್ರ ಸೇರಿದೆ. ಬಿಡುವಾಗ ಅಡ್ವಾನ್ಸ್‌ನಿಂದ ₹3,000 ಮೇಂಟೆನೆನ್ಸ್ ಮುರಿದುಕೊಳ್ಳುತ್ತಾರೆ. ಎರಡನೆಯದರಲ್ಲಿ ಬಾಡಿಗೆ ₹10,500, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಡುತ್ತಾರೆ, ಮೇಂಟೆನೆನ್ಸ್ ₹1,500. ಆರು ತಿಂಗಳು ಇದ್ದರೆ ಮೊದಲನೆಯದಕ್ಕೆ ತಿಂಗಳಿಗೆ ₹500 ಸೇರಿ ₹9,500 ಆಗುತ್ತದೆ. ಕಚೇರಿಯ 22 ದಿನ ಹೊರಗಿನ ಊಟಕ್ಕೆ ₹80ರಂತೆ ₹1,760 ಕೂಡಿದರೆ ₹11,260. ಎರಡನೆಯದಕ್ಕೆ ತಗಲುವುದು ₹10,750. ದುಬಾರಿ ಎಂದು ಕಂಡದ್ದೇ ಅಗ್ಗವಾಯಿತು. ಎಸಿ ಕೋಣೆಯಾದರೆ ಕರೆಂಟಿನ ಬಿಲ್ ಬೇರೆಯೇ ಎಂಬುದನ್ನೂ ಕೇಳಿಕೊಳ್ಳಬೇಕು.

ಊಟದ ಸಮಯ ಮತ್ತು ಗೇಟು ಮುಚ್ಚುವ ಸಮಯವನ್ನು ಕೆಲಸದ ಪಾಳಿಯ ಜೊತೆ ಇಟ್ಟು ನೋಡಬೇಕು. ರಾತ್ರಿ 9.30ಕ್ಕೆ ಊಟ ಮುಗಿದು 10ಕ್ಕೆ ಗೇಟು ಮುಚ್ಚುವ ಕಡೆ, 11.30ಕ್ಕೆ ಕಚೇರಿಯ ಕ್ಯಾಬಿನಲ್ಲಿ ಇಳಿಯುವವರು ಊಟಕ್ಕೆ ಹಣ ಕೊಟ್ಟೂ ಹಸಿದು ಮಲಗಬೇಕಾಗುತ್ತದೆ. ತಡವಾಗಿ ಬರುವವರಿಗೆ ಊಟ ಎತ್ತಿಡುತ್ತಾರೆಯೇ, ಗೇಟು ತೆರೆಯಲು ಕಚೇರಿಯ ಪತ್ರ ಬೇಕೇ ಎಂದು ಸೇರುವ ಮೊದಲೇ ವಿಚಾರಿಸುವುದು ಒಳ್ಳೆಯದು. ಸಂಜೆ ಊಟದ ಹೊತ್ತಿಗೆ ಹೋಗಿ, ಅಲ್ಲಿರುವವರನ್ನೇ ಮಾತನಾಡಿಸಿದರೆ ಅಡುಗೆಯ ಗುಣ, ನೀರಿನ ಸ್ಥಿತಿ ಎರಡೂ ತಿಳಿಯುತ್ತವೆ.

ಸುರಕ್ಷತೆಗೆ ಅಳತೆಗೋಲೂ ಇದೆ. 2024ರಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆ ನಡೆದ ಬಳಿಕ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಸಿಸಿಟಿವಿ, ಕಾವಲುಗಾರರು, ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಇರಬೇಕೆಂದು ಅದು ಹೇಳುತ್ತದೆ. ಈ ಲೆಕ್ಕದಲ್ಲಿ ಮೂರು ಮಂಚದ ಕೋಣೆ 210 ಚದರಡಿಯಾದರೂ ಇರಬೇಕು. ಹತ್ತಡಿಗೆ ಹನ್ನೆರಡಡಿಯ ಕೋಣೆಯಲ್ಲಿ ಮೂರು ಮಂಚ ಕಂಡರೆ ಆ ಮಿತಿ ಮೀರಿದೆ ಎಂದೇ ಅರ್ಥ.

ಹೆಚ್ಚಿನ ಜಗಳ ಹುಟ್ಟುವುದು ಪಿಜಿ ಬಿಡುವಾಗ. ಸಾಮಾನ್ಯ ನಿಯಮದಂತೆ 30 ದಿನ ಮೊದಲು ತಿಳಿಸಬೇಕು. ಜೂನ್ 5ಕ್ಕೆ ತಿಳಿಸಿ ಜೂನ್ 30ಕ್ಕೆ ಹೊರಟರೆ ಅವಧಿ ಸಾಲದೆ ಅಡ್ವಾನ್ಸ್ ಪೂರ್ತಿ ಕೈತಪ್ಪಬಹುದು. ಬಾಯಿಮಾತಿನ ಬದಲು ದಿನಾಂಕ ಕಾಣುವಂತೆ ವಾಟ್ಸಾಪ್‌ನಲ್ಲಿ ತಿಳಿಸಿ, ಮಾಲೀಕರ ಒಪ್ಪಿಗೆಯನ್ನೂ ಅಲ್ಲೇ ಪಡೆಯಬೇಕು. ಸೇರುವಾಗಲೇ ಅಡ್ವಾನ್ಸ್‌ಗೆ ರಸೀದಿ ತೆಗೆದುಕೊಂಡು, ಮುರಿದುಕೊಳ್ಳುವ ಮೊತ್ತವನ್ನೂ ಅದರಲ್ಲಿ ಬರೆಸಿಕೊಂಡರೆ ಹಣ ಕೇಳಲು ಆಧಾರ ಉಳಿಯುತ್ತದೆ.