ಒಂದು ಕಡತ, ನಾಲ್ಕು ಸಂಪರ್ಕ

ಕಿಟ್ಟೆಲರ 1894ರ ನಿಘಂಟು, ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಸಂಪುಟಗಳು ಮೊದಲಾದವು ಈಗ ಇಂಟರ್ನೆಟ್ ಆರ್ಕೈವ್‌ನಂತಹ ತಾಣಗಳಲ್ಲಿ ಪುಟಗಳ ಚಿತ್ರಗಳಾಗಿ ದೊರೆಯುತ್ತವೆ. ನಮ್ಮ ಗ್ರಂಥಾಲಯದಲ್ಲಿ ಇಲ್ಲದ ಸಂಪುಟಕ್ಕೆ ಗಡಿಯ ಈಚೆಗಿರುವ ವಿದ್ಯಾರ್ಥಿಗಳು ಹಿಡಿಯುವ ದಾರಿ ಇದೇ. ಆದರೆ ಚಿತ್ರರೂಪದ ಕಡತವೆಂದರೆ ಗಾತ್ರ ದೊಡ್ಡದು. ಬ್ರೌಸರಿನಲ್ಲಿ ಇಳಿಸಿಕೊಳ್ಳತೊಡಗಿದರೆ ಮುಕ್ಕಾಲು ಭಾಗ ಬಂದ ಮೇಲೆ ಸಂಪರ್ಕ ಕಡಿದು, ಮತ್ತೆ ಮೊದಲಿನಿಂದ ತೊಡಗಬೇಕಾಗಿ ಬರುವುದುಂಟು. ಡೌನ್‌ಲೋಡ್ ಮ್ಯಾನೇಜರ್ ಎಂಬ ತಂತ್ರಾಂಶ ಇಲ್ಲಿ ಮಾಡುವ ಕೆಲಸವೇನೆಂಬುದನ್ನು ತಿಳಿದರೆ ಅದನ್ನು ಯಾವಾಗ ಬಳಸಬೇಕು, ಯಾವಾಗ ಬೇಡ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಬ್ರೌಸರು ಸಾಮಾನ್ಯವಾಗಿ ಒಂದು ಕಡತಕ್ಕೆ ಒಂದೇ ಸಂಪರ್ಕವನ್ನು ತೆರೆಯುತ್ತದೆ. ಆ ಸಂಪರ್ಕದಲ್ಲಿ ಸರ್ವರು ಸ್ವಲ್ಪ ಭಾಗವನ್ನು ಕಳುಹಿಸಿ, ಅದು ತಲುಪಿತೆಂಬ ಉತ್ತರಕ್ಕಾಗಿ ಕಾಯುತ್ತದೆ. ಸರ್ವರು ಅಮೆರಿಕದಲ್ಲಿದ್ದು, ಹೋಗಿಬರುವ ಪಯಣಕ್ಕೆ ಕಾಲು ಸೆಕೆಂಡು ಹಿಡಿಯುತ್ತದೆಂದು ಭಾವಿಸೋಣ. ಒಮ್ಮೆಗೆ 64 ಕೆಬಿ ಕಳುಹಿಸಿ ಕಾಯುವುದಾದರೆ ಸೆಕೆಂಡಿಗೆ 256 ಕೆಬಿ ಮಾತ್ರ ಬರುತ್ತದೆ. 600 ಎಂಬಿಯ ಸಂಪುಟಕ್ಕೆ ನಲವತ್ತು ನಿಮಿಷ ಬೇಕು. ಒಮ್ಮೆಗೆ ಕಳುಹಿಸುವ ಪ್ರಮಾಣವನ್ನು ಸರ್ವರು ಕ್ರಮೇಣ ಹೆಚ್ಚಿಸುವುದು ನಿಜ. ಆದರೆ ದಾರಿಯಲ್ಲಿ ಒಂದು ತುಣುಕು ಕಳೆದರೂ ಅದನ್ನು ಮತ್ತೆ ತಗ್ಗಿಸುತ್ತದೆ. ನಮ್ಮ ಲೈನಿನಲ್ಲಿ ಹೆಚ್ಚಿನ ವೇಗಕ್ಕೆ ಅವಕಾಶವಿದ್ದರೂ ಅದು ಖಾಲಿ ಉಳಿಯುತ್ತದೆ.

ಡೌನ್‌ಲೋಡ್ ಮ್ಯಾನೇಜರ್ ಹಿಡಿಯುವ ಉಪಾಯ ಲಿಪಿಕಾರರಿಗೆ ಅಪರಿಚಿತವಲ್ಲ. ಒಂದು ಓಲೆಗರಿಯ ಕಟ್ಟನ್ನು ಬಿಚ್ಚಿ ನಾಲ್ವರಿಗೆ ಹಂಚಿದರೆ ಪ್ರತಿ ಬೇಗ ಸಿದ್ಧವಾಗುತ್ತದೆ. ಗರಿಗಳ ಸಂಖ್ಯೆ ತಪ್ಪದಿದ್ದರೆ ಸಾಕು. ಇಲ್ಲಿ ಗರಿಯ ಸಂಖ್ಯೆಯ ಸ್ಥಾನದಲ್ಲಿರುವುದು ಬೈಟಿನ ಸಂಖ್ಯೆ. 600 ಎಂಬಿ ಎಂದರೆ 62,91,45,600 ಬೈಟು. ಅದನ್ನು ನಾಲ್ಕು ಪಾಲು ಮಾಡಿ, ಪ್ರತಿ ಸಂಪರ್ಕದಲ್ಲಿಯೂ ಬೇರೆ ಬೇರೆ ಪಾಲನ್ನು ಕೇಳಲಾಗುತ್ತದೆ. ಮೊದಲೆರಡು ಕೋರಿಕೆಗಳು ಹೀಗಿರುತ್ತವೆ:

```
Range: bytes=0-157286399
Range: bytes=157286400-314572799
```

ಸರ್ವರು ಇದಕ್ಕೆ ಒಪ್ಪಿದರೆ `206 Partial Content` ಎಂದು ಉತ್ತರಿಸಿ ಅಷ್ಟನ್ನೇ ಕೊಡುತ್ತದೆ. ಬರೀ `200` ಎಂದರೆ ಅದು ಕೋರಿಕೆಯನ್ನು ಗಮನಿಸದೆ ಇಡೀ ಕಡತವನ್ನು ಕಳುಹಿಸುತ್ತಿದೆ ಎಂದರ್ಥ. ಅಲ್ಲಿ ಪಾಲು ಮಾಡುವುದೂ ಇಲ್ಲ, ನಿಂತಲ್ಲಿಂದ ಮುಂದುವರಿಸುವುದೂ ಇಲ್ಲ.

ನಾಲ್ಕು ಸಂಪರ್ಕ ಸೇರಿ ಸೆಕೆಂಡಿಗೆ 1024 ಕೆಬಿ ಬಂದರೆ ನಲವತ್ತು ನಿಮಿಷದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇದಕ್ಕೆ ನಮ್ಮ ಲೈನು ಸುಮಾರು 8 ಮೆಗಾಬಿಟ್‌ನದಾಗಿರಬೇಕು. ಅದು 4 ಮೆಗಾಬಿಟ್ ಆಗಿದ್ದರೆ ಇಪ್ಪತ್ತು ನಿಮಿಷ ಹಿಡಿದೇ ಹಿಡಿಯುತ್ತದೆ; ಹದಿನಾರು ಸಂಪರ್ಕ ತೆರೆದರೂ ಒಂದು ನಿಮಿಷ ಉಳಿಯದು. ಒಂದೇ ಸಂಪರ್ಕದಲ್ಲಿ ಲೈನು ತುಂಬಿದ್ದರಂತೂ ಮ್ಯಾನೇಜರಿನಿಂದ ವೇಗ ಹೆಚ್ಚುವುದಿಲ್ಲ. ಜಾಹೀರಾತುಗಳು ಈ ಮಾತನ್ನು ಹೇಳುವುದಿಲ್ಲ.

ಉಚಿತವಾಗಿ ಸಿಗುವ aria2 ಎಂಬ ತಂತ್ರಾಂಶದಲ್ಲಿ ಆಜ್ಞೆ ಹೀಗಿದೆ:

```
aria2c -x 4 -s 4 -c "ಕಡತದ ವಿಳಾಸ"
```

`-s` ಎಂಬುದು ಪಾಲುಗಳ ಸಂಖ್ಯೆ. `-x` ಒಂದೇ ಸರ್ವರಿಗೆ ತೆರೆಯಬಹುದಾದ ಸಂಪರ್ಕಗಳ ಮಿತಿ. `-x` ಕೊಡದಿದ್ದರೆ ಒಂದೇ ಸಂಪರ್ಕ ತೆರೆಯುತ್ತದೆ. ನಾಲ್ಕನ್ನು ಮೀರಬೇಡಿರೆಂದು ನನ್ನ ಸಲಹೆ. ಕಾಲೇಜಿನ ಲ್ಯಾಬಿನಲ್ಲಿ ಹತ್ತು ಮಂದಿ ತಲಾ ಹದಿನಾರು ಸಂಪರ್ಕ ತೆರೆದರೆ ಸರ್ವರಿಗೆ ಅವೆಲ್ಲ ಒಂದೇ ವಿಳಾಸದಿಂದ ಬಂದಂತೆ ಕಾಣಬಹುದು. ಆಗ `429` ಅಥವಾ `503` ಎಂಬ ಉತ್ತರ ಬಂದು ಎಲ್ಲರ ಕೆಲಸವೂ ನಿಲ್ಲುತ್ತದೆ.

ಸಂಪರ್ಕ ಕಡಿದರೆ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರಾಯಿತು. ಕಡತದ ಪಕ್ಕದಲ್ಲಿ `.aria2` ಎಂದು ಕೊನೆಗೊಳ್ಳುವ ಸಣ್ಣ ಕಡತವೊಂದು ಇರುತ್ತದೆ. ಯಾವ ಪಾಲು ಎಲ್ಲಿಯವರೆಗೆ ಬಂದಿದೆಯೆಂಬ ಲೆಕ್ಕ ಅದರಲ್ಲಿದೆ. ಅದನ್ನು ಅಳಿಸಬಾರದು, ಕೆಲಸ ಪೂರ್ಣವಾದಾಗ ಅದೇ ಮಾಯವಾಗುತ್ತದೆ.

ಪಾಲು ಮಾಡಿ ಇಳಿಸುವುದರಲ್ಲಿ ಒಂದು ವಿಶೇಷ ಅಪಾಯವಿದೆ. ಬ್ರೌಸರಿನಲ್ಲಿ ಅರ್ಧಕ್ಕೆ ನಿಂತ ಪಿಡಿಎಫ್ ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ಪುಟಗಳು ಎಲ್ಲೆಲ್ಲಿವೆ ಎಂಬ ಸೂಚಿ ಅದರ ಕೊನೆಯಲ್ಲಿರುವುದೇ ಕಾರಣ. ಪಾಲು ಮಾಡಿದಾಗಲಾದರೋ ಕೊನೆಯ ಪಾಲು ಮೊದಲೇ ಬಂದು, ನಡುವಿನದು ಬಾರದಿರಬಹುದು. ಆಗ ಕಡತ ತೆರೆಯುತ್ತದೆ, ಗಾತ್ರವೂ ಸರಿಯಾಗಿ ತೋರುತ್ತದೆ, ಆದರೆ ನಡುವಿನ ಕೆಲವು ಪುಟಗಳು ಖಾಲಿ. ಶಾಸನಪಾಠವನ್ನು ಅವಲಂಬಿಸಿ ಪ್ರಬಂಧ ಬರೆಯುವವರು ಇದನ್ನು ಮೂಲಪ್ರತಿಯ ಲೋಪವೆಂದು ತಿಳಿಯುವ ಸಂಭವವುಂಟು.

ಇಂಟರ್ನೆಟ್ ಆರ್ಕೈವ್ ತನ್ನ ಪ್ರತಿಯೊಂದು ಕಡತದ ಎಂಡಿ5 ಸಂಖ್ಯೆಯನ್ನು `_files.xml` ಎಂದು ಕೊನೆಗೊಳ್ಳುವ ಪಟ್ಟಿಯಲ್ಲಿ ಕೊಡುತ್ತದೆ. ವಿಂಡೋಸ್‌ನಲ್ಲಿ ನಮ್ಮ ಪ್ರತಿಯ ಸಂಖ್ಯೆಯನ್ನು ಹೀಗೆ ಪಡೆಯಬಹುದು:

```
certutil -hashfile samputa.pdf MD5
```

ಎರಡೂ ಅಕ್ಷರಶಃ ಒಂದೇ ಆಗಿದ್ದರೆ ಪ್ರತಿ ಶುದ್ಧ. ಭೇದವಿದ್ದು, ಪಕ್ಕದಲ್ಲಿ `.aria2` ಕಡತ ಉಳಿದಿದ್ದರೆ ಆಜ್ಞೆಯನ್ನು ಮತ್ತೆ ಕೊಟ್ಟು ಮುಂದುವರಿಸಿ; ಉಳಿದಿಲ್ಲದಿದ್ದರೆ ಆ ಪ್ರತಿಯನ್ನು ಅಳಿಸಿ ಹೊಸದಾಗಿ ಇಳಿಸಿಕೊಳ್ಳಬೇಕು.