ಥರ್ಮೋಕೋಲ್ ಲೋಟದ ಕ್ಯಾಲೊರಿಮೀಟರ್: ಅಳೆದ ಬಿಸಿಯಿಂದ ಒಂದು ಮೋಲಿನ ಲೆಕ್ಕಕ್ಕೆ

ರಾಸಾಯನಿಕ ಕ್ರಿಯೆಯೊಂದು ಎಷ್ಟು ಶಾಖವನ್ನು ಹೊರಬಿಡುತ್ತದೆ ಎಂಬುದನ್ನು ಅಳೆಯಲು ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿ ಬಳಸುವ ಅತ್ಯಂತ ಸರಳ ಸಾಧನ ಕಾಫಿ ಲೋಟದ ಕ್ಯಾಲೊರಿಮೀಟರ್. ಒಂದರೊಳಗೊಂದು ಕೂರಿಸಿದ ಎರಡು ಥರ್ಮೋಕೋಲ್ ಲೋಟಗಳು, ಒಂದು ಮುಚ್ಚಳ, ಅದರ ತೂತಿನಿಂದ ಇಳಿಬಿಟ್ಟ ಥರ್ಮಾಮೀಟರ್ ಮತ್ತು ಕಲಕಲು ಒಂದು ಕಡ್ಡಿ, ಇಷ್ಟೇ ಅದರ ಭಾಗಗಳು. ಥರ್ಮೋಕೋಲ್‌ನಲ್ಲಿ ತುಂಬಿರುವುದು ಹೆಚ್ಚಾಗಿ ಗಾಳಿ. ಹಾಗಾಗಿ ಅದರ ಮೂಲಕ ಶಾಖ ನಿಧಾನವಾಗಿ ಹರಿಯುತ್ತದೆ. ಲೋಟದ ತೂಕ ಕೆಲವೇ ಗ್ರಾಂ ಆದ್ದರಿಂದ ಅದು ತಾನಾಗಿ ಹೀರಿಕೊಳ್ಳುವ ಶಾಖವೂ ಕಡಿಮೆ. ಒಳಗೆ ಹುಟ್ಟಿದ ಶಾಖದ ಬಹುಪಾಲು ಒಳಗಿನ ದ್ರಾವಣದಲ್ಲೇ ಉಳಿದು ಅದರ ಉಷ್ಣತೆಯನ್ನು ಏರಿಸುತ್ತದೆ.

ಮುಚ್ಚಳ ಗಾಳಿಯಾಡದಷ್ಟು ಬಿಗಿಯಾಗಿರುವುದಿಲ್ಲ. ಆದ್ದರಿಂದ ಒಳಗಿನ ಒತ್ತಡ ಯಾವಾಗಲೂ ಹೊರಗಿನ ವಾತಾವರಣದ ಒತ್ತಡಕ್ಕೆ ಸಮ. ಒತ್ತಡ ಬದಲಾಗದೆ ನಡೆಯುವ ಕ್ರಿಯೆಯಲ್ಲಿ ವಿನಿಮಯವಾಗುವ ಶಾಖಕ್ಕೆ ಒಂದು ನಿರ್ದಿಷ್ಟ ಹೆಸರಿದೆ: ಎಂಥಾಲ್ಪಿಯ ಬದಲಾವಣೆ. ಇದರ ಚಿಹ್ನೆ ΔH. ಈ ಲೋಟದಲ್ಲಿ ಅಳೆದ ಶಾಖವನ್ನು ನೇರವಾಗಿ ಎಂಥಾಲ್ಪಿಯ ಲೆಕ್ಕಕ್ಕೆ ಬಳಸಬಹುದಾದದ್ದು ಇದೇ ಕಾರಣಕ್ಕೆ.

ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ನಡುವಿನ ತಟಸ್ಥೀಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಲೀಟರಿಗೆ 1 ಮೋಲ್ ಸಾರತೆಯ ಆಮ್ಲದ 50 ಮಿಲಿಲೀಟರನ್ನು ಲೋಟಕ್ಕೆ ಸುರಿಯಲಾಗುತ್ತದೆ. ಅಷ್ಟೇ ಸಾರತೆಯ, ಅಷ್ಟೇ ಪ್ರಮಾಣದ ಪ್ರತ್ಯಾಮ್ಲವನ್ನು ಬೇರೊಂದು ಪಾತ್ರೆಯಲ್ಲಿ ಇಟ್ಟು, ಎರಡೂ ಒಂದೇ ಉಷ್ಣತೆಗೆ ಬರುವವರೆಗೆ ಕಾಯಬೇಕು. ಅದು 25.0 ಡಿಗ್ರಿ ಸೆಲ್ಸಿಯಸ್ ಎಂದಿರಲಿ. ಬಳಿಕ ಪ್ರತ್ಯಾಮ್ಲವನ್ನು ಒಂದೇ ಸಲಕ್ಕೆ ಲೋಟಕ್ಕೆ ಸುರಿದು, ಮುಚ್ಚಿ, ಕಲಕುತ್ತಾ ಥರ್ಮಾಮೀಟರನ್ನು ಗಮನಿಸಬೇಕು. ಪಾದರಸ 31.4 ಡಿಗ್ರಿಯವರೆಗೆ ಏರಿತು ಎಂದುಕೊಂಡರೆ, ಏರಿಕೆ 6.4 ಡಿಗ್ರಿ.

ಈ ಏರಿಕೆಯನ್ನು ಶಾಖವನ್ನಾಗಿ ಬದಲಿಸುವ ಸೂತ್ರ ಹೀಗಿದೆ:

q = m × c × ΔT

ಇಲ್ಲಿ m ದ್ರಾವಣದ ದ್ರವ್ಯರಾಶಿ, c ಅದರ ವಿಶಿಷ್ಟೋಷ್ಣ, ΔT ಉಷ್ಣತೆಯ ಏರಿಕೆ. ದ್ರವ್ಯರಾಶಿ ಎಂದರೆ ಬೆರೆತ ನಂತರದ ಒಟ್ಟು ದ್ರಾವಣದ್ದು. ಬಿಸಿಯಾಗುವುದು ಬರೀ ಆಮ್ಲವಲ್ಲ, ಲೋಟದಲ್ಲಿರುವ ಅಷ್ಟೂ ದ್ರವ. ಇಲ್ಲಿ 50 ಗ್ರಾಂ ಮಾತ್ರ ಹಿಡಿದರೆ ಉತ್ತರ ಅರ್ಧಕ್ಕೆ ಇಳಿಯುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವ ಜಾಗಗಳಲ್ಲಿ ಇದೂ ಒಂದು. ತೆಳು ದ್ರಾವಣವನ್ನು ನೀರಿನಂತೆಯೇ ಭಾವಿಸಿದರೆ 100 ಮಿಲಿಲೀಟರಿಗೆ 100 ಗ್ರಾಂ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು 4.18 ಜೌಲ್ ಬೇಕು. ಆಗ ದ್ರಾವಣ ಪಡೆದ ಶಾಖ 100 × 4.18 × 6.4, ಅಂದರೆ 2675 ಜೌಲ್ ಅಥವಾ 2.675 ಕಿಲೋಜೌಲ್. ಉಪ್ಪು ಕರಗಿರುವ ಈ ದ್ರಾವಣದ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, ವಿಶಿಷ್ಟೋಷ್ಣ ತುಸು ಕಡಿಮೆ. ಎರಡು ತಪ್ಪುಗಳೂ ಎದುರುಬದುರಾಗಿ ಬಹುಮಟ್ಟಿಗೆ ಪರಸ್ಪರ ಕಳೆದುಹೋಗುವುದರಿಂದ ಈ ಊಹೆಯಿಂದ ಹೆಚ್ಚು ಹಾನಿಯಿಲ್ಲ.

ಈ 2.675 ಕಿಲೋಜೌಲ್ ಆ ಲೋಟಕ್ಕೆ, ಆ ಪ್ರಮಾಣಕ್ಕೆ ಮಾತ್ರ ಸೇರಿದ ಸಂಖ್ಯೆ. ತಲಾ 100 ಮಿಲಿಲೀಟರ್ ಬೆರೆಸಿದ್ದರೆ ಶಾಖ ಎರಡು ಪಟ್ಟಾಗುತ್ತಿತ್ತು. ಆದರೆ ಬಿಸಿಯಾಗಬೇಕಾದ ದ್ರವವೂ ಎರಡು ಪಟ್ಟಾಗುವುದರಿಂದ ಥರ್ಮಾಮೀಟರ್ ಹೆಚ್ಚುಕಡಿಮೆ ಅದೇ 6.4 ಡಿಗ್ರಿ ಏರಿಕೆಯನ್ನೇ ತೋರಿಸುತ್ತಿತ್ತು. ಹೀಗೆ ಉಷ್ಣತೆಯ ಏರಿಕೆಯಾಗಲಿ, ಒಟ್ಟು ಶಾಖವಾಗಲಿ ಕ್ರಿಯೆಯ ಸ್ವಂತ ಗುಣವನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ಶಾಖವನ್ನು ಕ್ರಿಯೆಗೊಳಗಾದ ಮೋಲುಗಳ ಸಂಖ್ಯೆಯಿಂದ ಭಾಗಿಸಬೇಕು.

50 ಮಿಲಿಲೀಟರ್ ಎಂದರೆ 0.050 ಲೀಟರ್. ಅದನ್ನು ಲೀಟರಿಗೆ 1 ಮೋಲ್‌ನಿಂದ ಗುಣಿಸಿದರೆ 0.050 ಮೋಲ್ ಆಮ್ಲ, ಪ್ರತ್ಯಾಮ್ಲವೂ ಅಷ್ಟೇ. ಎರಡೂ ಪೂರ್ತಿ ಮುಗಿದು 0.050 ಮೋಲ್ ನೀರು ಉಂಟಾಗುತ್ತದೆ. ಎರಡರ ಮೋಲುಗಳು ಸಮವಾಗಿಲ್ಲದಿದ್ದರೆ ಮೊದಲು ಮುಗಿಯುವ ಪ್ರತಿವರ್ತಕದ ಮೋಲುಗಳನ್ನೇ ಲೆಕ್ಕಕ್ಕೆ ಹಿಡಿಯಬೇಕು. ಉಳಿದದ್ದು ಶಾಖವನ್ನು ಕೊಡುವುದಿಲ್ಲ, ಆದರೆ ಬಿಸಿಯಾಗುವ ದ್ರವದ ಭಾಗವಾಗಿ ಇದ್ದೇ ಇರುತ್ತದೆ. ಈಗ 2.675 ಅನ್ನು 0.050 ರಿಂದ ಭಾಗಿಸಿದರೆ ಮೋಲಿಗೆ 53.5 ಕಿಲೋಜೌಲ್ ಬರುತ್ತದೆ.

ಇನ್ನು ಚಿಹ್ನೆಯ ಪ್ರಶ್ನೆ. ದ್ರಾವಣ ಪಡೆದದ್ದನ್ನು ಕ್ರಿಯೆ ಕಳೆದುಕೊಂಡಿದೆ. ದ್ರಾವಣದ ಶಾಖ ಧನಾತ್ಮಕವಾದರೆ ಕ್ರಿಯೆಯದು ಋಣಾತ್ಮಕ. ಆದ್ದರಿಂದ ಈ ಬಹಿರುಷ್ಣಕ ಕ್ರಿಯೆಯ ΔH ಮೋಲಿಗೆ −53.5 ಕಿಲೋಜೌಲ್. ಅಮೋನಿಯಂ ನೈಟ್ರೇಟ್ ನೀರಿನಲ್ಲಿ ಕರಗುವಾಗ ಲೋಟ ತಣ್ಣಗಾಗುತ್ತದೆ. ಅಲ್ಲಿ ಇದೇ ನಿಯಮದಿಂದ ΔH ಧನಾತ್ಮಕವಾಗುತ್ತದೆ.

25 ಡಿಗ್ರಿಯಲ್ಲಿ ಈ ತಟಸ್ಥೀಕರಣಕ್ಕೆ ಒಪ್ಪಿತವಾದ ಮೌಲ್ಯ ಮೋಲಿಗೆ −55.8 ಕಿಲೋಜೌಲ್. ಪ್ರಯೋಗದ ಉತ್ತರ ಸುಮಾರು 4 ಶೇಕಡಾ ಕಡಿಮೆ ಬಂದಿದೆ. ಕಾಣೆಯಾದ ಶಾಖದ ಒಂದು ಪಾಲು ಲೋಟ, ಥರ್ಮಾಮೀಟರ್ ಮತ್ತು ಕಡ್ಡಿಗೆ ಹೋಗಿದೆ. ಅದನ್ನು ಪತ್ತೆಹಚ್ಚಲು ಬರೀ ನೀರು ಸಾಕು. ಲೋಟದಲ್ಲಿ 25.0 ಡಿಗ್ರಿಯ 50 ಗ್ರಾಂ ನೀರಿಗೆ 45.0 ಡಿಗ್ರಿಯ 50 ಗ್ರಾಂ ನೀರು ಸುರಿದರೆ ಮಿಶ್ರಣ 35.0 ಡಿಗ್ರಿಗೆ ಬರಬೇಕು. ಅದು 34.6ಕ್ಕೆ ನಿಂತರೆ, ಬಿಸಿನೀರು ಕೊಟ್ಟದ್ದು 50 × 4.18 × 10.4, ಅಂದರೆ 2174 ಜೌಲ್. ತಣ್ಣೀರು ಪಡೆದದ್ದು 50 × 4.18 × 9.6, ಅಂದರೆ 2006 ಜೌಲ್. ವ್ಯತ್ಯಾಸದ ಸುಮಾರು 167 ಜೌಲ್ ಲೋಟವನ್ನು 9.6 ಡಿಗ್ರಿ ಬಿಸಿಮಾಡಿದೆ. ಹಾಗಾದರೆ ಲೋಟದ ಶಾಖಧಾರಣೆ ಡಿಗ್ರಿಗೆ 17.4 ಜೌಲ್. ತಟಸ್ಥೀಕರಣದಲ್ಲಿ 6.4 ಡಿಗ್ರಿಗೆ ಲೋಟ ಪಡೆದ ಶಾಖ 111 ಜೌಲ್. ಅದನ್ನು ಕೂಡಿಸಿದರೆ ಒಟ್ಟು 2786 ಜೌಲ್. ΔH ಮೋಲಿಗೆ −55.7 ಕಿಲೋಜೌಲ್ ಆಗುತ್ತದೆ.

ಇನ್ನೊಂದು ಸೋರಿಕೆ ಸಮಯಕ್ಕೆ ಸಂಬಂಧಿಸಿದ್ದು. ಬಿಸಿಯಾದ ದ್ರಾವಣ ಮೊದಲ ಕ್ಷಣದಿಂದಲೇ ಗಾಳಿಗೆ ಶಾಖ ಬಿಟ್ಟುಕೊಡುತ್ತದೆ. ಥರ್ಮಾಮೀಟರ್ ಗರಿಷ್ಠ ಅಂಕಿಯನ್ನು ತೋರಿಸುವ ಹೊತ್ತಿಗೆ ಸ್ವಲ್ಪ ಶಾಖ ಹೋಗಿಯಾಗಿರುತ್ತದೆ. ಇದನ್ನು ಸರಿದೂಗಿಸಲು ಬೆರೆಸಿದ ಮೇಲೆ ಅರ್ಧ ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದುಕೊಂಡು ನಕ್ಷೆ ಎಳೆಯಲಾಗುತ್ತದೆ. ಇಳಿಯುತ್ತಿರುವ ಗೆರೆಯನ್ನು ಬೆರೆಸಿದ ಕ್ಷಣದವರೆಗೆ ಹಿಂದಕ್ಕೆ ಚಾಚಿದರೆ, ಶಾಖ ಸೋರದೆ ಇದ್ದಿದ್ದರೆ ತಲುಪುತ್ತಿದ್ದ ಉಷ್ಣತೆ ಸಿಗುತ್ತದೆ. ಗೆರೆ ಕಡಿದಾಗಿ ಇಳಿಯುತ್ತಿದ್ದರೆ ಮುಚ್ಚಳವೋ ಲೋಟವೋ ಸರಿಯಿಲ್ಲ ಎಂದೇ ಅರ್ಥ.

ಮೋಲಿಗೆ ಇಳಿಸಿದ ಮೇಲೆಯೇ ಬೇರೆ ಬೇರೆ ಕ್ರಿಯೆಗಳನ್ನು ಹೋಲಿಸಲು ಸಾಧ್ಯ. ಹೈಡ್ರೋಕ್ಲೋರಿಕ್ ಆಮ್ಲದ ಬದಲು ನೈಟ್ರಿಕ್ ಆಮ್ಲ, ಸೋಡಿಯಂ ಹೈಡ್ರಾಕ್ಸೈಡಿನ ಬದಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸಿದರೂ ತೆಳು ದ್ರಾವಣಗಳಲ್ಲಿ ಉತ್ತರ ಬಹುತೇಕ ಅದೇ. ಪ್ರಬಲ ಆಮ್ಲ ಮತ್ತು ಪ್ರತ್ಯಾಮ್ಲಗಳು ನೀರಿನಲ್ಲಿ ಪೂರ್ತಿ ಅಯಾನುಗಳಾಗಿರುತ್ತವೆ; ನಿಜವಾಗಿ ನಡೆಯುವುದು ಹೈಡ್ರೋಜನ್ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನು ಸೇರಿ ನೀರಾಗುವ ಒಂದೇ ಕ್ರಿಯೆ. ದುರ್ಬಲ ಪ್ರತ್ಯಾಮ್ಲವಾದ ಅಮೋನಿಯಾ ಬಳಸಿದರೆ ಮೌಲ್ಯ ಸುಮಾರು −52 ಕಿಲೋಜೌಲ್‌ಗೆ ಇಳಿಯುತ್ತದೆ, ಏಕೆಂದರೆ ಅಲ್ಲಿ ನಡೆಯುವ ಕ್ರಿಯೆಯೇ ಬೇರೆ.

ಈ ಸಾಧನ ದ್ರಾವಣದಲ್ಲಿ ಬೇಗ ಮುಗಿಯುವ ಕ್ರಿಯೆಗಳಿಗೆ ಮಾತ್ರ ಸರಿ. ತಾಸುಗಟ್ಟಲೆ ನಡೆಯುವ ಕ್ರಿಯೆಯಲ್ಲಿ ಸೋರಿಕೆಯೇ ಅಳತೆಯನ್ನು ನುಂಗಿಬಿಡುತ್ತದೆ. ಇಂಧನ ಉರಿಯುವಂಥ ಕ್ರಿಯೆಗಳಿಗೆ ಗಟ್ಟಿ ಉಕ್ಕಿನ, ಮುಚ್ಚಿದ ಬಾಂಬ್ ಕ್ಯಾಲೊರಿಮೀಟರ್ ಬೇಕು. ಅಲ್ಲಿ ಸ್ಥಿರವಾಗಿರುವುದು ಒತ್ತಡವಲ್ಲ, ಗಾತ್ರ. ಹಾಗಾಗಿ ಅಳೆದ ಶಾಖ ನೇರವಾಗಿ ΔH ಆಗುವುದಿಲ್ಲ. ಅನಿಲಗಳ ಮೋಲುಗಳಲ್ಲಿ ಆದ ಬದಲಾವಣೆಗೆ ತಕ್ಕ ತಿದ್ದುಪಡಿಯನ್ನು ಸೇರಿಸಿದ ಮೇಲಷ್ಟೇ ಎಂಥಾಲ್ಪಿ ದೊರೆಯುತ್ತದೆ.