ಎರಡು ಆರ್ಜಿನಿನ್, ಇಡೀ ದಿನದ ಇನ್ಸುಲಿನ್

ದಿನಕ್ಕೊಂದೇ ಸಲ ಚುಚ್ಚಿಕೊಳ್ಳುವ ಗ್ಲಾರ್ಜಿನ್ ಇನ್ಸುಲಿನ್ ಸೀಸೆಯಲ್ಲಿ ನೀರಿನಷ್ಟು ತಿಳಿಯಾಗಿರುತ್ತದೆ. ಚರ್ಮದಡಿ ಸೇರಿದ ಮೇಲೆ ಅದು ಸೂಕ್ಷ್ಮ ಕಣಗಳಾಗಿ ಬೇರ್ಪಡುತ್ತದೆ. ಆ ಕಣಗಳು ಮೆಲ್ಲಗೆ ಕರಗುತ್ತ ಸುಮಾರು 24 ಗಂಟೆ ರಕ್ತಕ್ಕೆ ಇನ್ಸುಲಿನ್ ಒದಗಿಸುತ್ತವೆ. ಸೀಸೆಯೊಳಗಿನ ಪಿಎಚ್ 4, ಚರ್ಮದಡಿಯದು 7.4. ಇಷ್ಟು ವ್ಯತ್ಯಾಸಕ್ಕೆ ಕರಗಿದ್ದ ಪದಾರ್ಥ ಏಕೆ ಬೇರ್ಪಡಬೇಕು ಎಂಬುದನ್ನು ಕಾಗದ, ಪೆನ್ನು ಹಿಡಿದು ಲೆಕ್ಕ ಹಾಕಿಯೇ ತಿಳಿಯಬಹುದು.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಸರಪಳಿ. ಕೆಲವು ಅಮೈನೋ ಆಮ್ಲಗಳ ಪಾರ್ಶ್ವ ಸರಪಳಿಗಳು ಪ್ರೋಟಾನನ್ನು ಹಿಡಿಯಬಲ್ಲವು, ಬಿಡಬಲ್ಲವು. ವಿದ್ಯುದಾವೇಶ ಬರುವುದು ಅಲ್ಲಿಂದ. ಅಂಥ ಗುಂಪುಗಳಲ್ಲಿ ಅರ್ಧದಷ್ಟು ಪ್ರೋಟಾನ್ ಹಿಡಿದಿರುವ ಪಿಎಚ್ ಯಾವುದೋ ಅದೇ ಆ ಗುಂಪಿನ ಪಿಕೆಎ. ಪಿಎಚ್ ಅದಕ್ಕಿಂತ ಒಂದು ಅಂಕಿ ಮೇಲೇರಿದರೆ ಹನ್ನೊಂದರಲ್ಲಿ ಒಂದು ಪಾಲು ಮಾತ್ರ ಪ್ರೋಟಾನ್ ಉಳಿಸಿಕೊಂಡಿರುತ್ತದೆ. ಲೈಸಿನ್, ಆರ್ಜಿನಿನ್, ಹಿಸ್ಟಿಡಿನ್ ಪ್ರೋಟಾನ್ ಹಿಡಿದಾಗ ಧನ ಆವೇಶ ಪಡೆಯುತ್ತವೆ. ಗ್ಲುಟಾಮಿಕ್ ಆಮ್ಲ ಪ್ರೋಟಾನ್ ಬಿಟ್ಟಾಗ ಋಣ ಆವೇಶ ಪಡೆಯುತ್ತದೆ. ಇವೆಲ್ಲವನ್ನೂ ಕೂಡಿ ಕಳೆದರೆ ಸಿಗುವುದು ನಿವ್ವಳ ಆವೇಶ. ಅದು ಸೊನ್ನೆಯಾಗುವ ಪಿಎಚ್‌ಗೆ ಸಮವಿದ್ಯುತ್ ಬಿಂದು ಎಂದು ಹೆಸರು. ಅಲ್ಲಿ ಅಣುಗಳು ಒಂದನ್ನೊಂದು ದೂಡುವುದು ಕಡಿಮೆಯಾಗಿ, ಕೂಡಿಕೊಂಡು ದ್ರಾವಣದಿಂದ ಹೊರಬೀಳುತ್ತವೆ.

ಮೊದಲು ನಮ್ಮ ದೇಹದ ಇನ್ಸುಲಿನ್ ನೋಡೋಣ. ಅದಕ್ಕೆ ಎರಡು ಸರಪಳಿ, ಒಟ್ಟು 51 ಅಮೈನೋ ಆಮ್ಲ. ಋಣದ ಕಡೆ ನಾಲ್ಕು ಗ್ಲುಟಾಮಿಕ್ ಆಮ್ಲ (ಪಿಕೆಎ ಸುಮಾರು 4.2) ಮತ್ತು ಎರಡು ಕಾರ್ಬಾಕ್ಸಿಲ್ ತುದಿಗಳು (3.5). ಧನದ ಕಡೆ ಒಂದು ಆರ್ಜಿನಿನ್ (12ಕ್ಕೂ ಮೇಲೆ), ಒಂದು ಲೈಸಿನ್ (10.5), ಎರಡು ಅಮೈನೋ ತುದಿಗಳು (8), ಎರಡು ಹಿಸ್ಟಿಡಿನ್ (6). ಪೂರ್ತಿ ಆವೇಶಗೊಂಡರೆ ಎರಡೂ ಕಡೆ ಆರಾರು. ಆದ್ದರಿಂದ ಸೊನ್ನೆ ಸಿಗುವುದು ಗ್ಲುಟಾಮಿಕ್ ಆಮ್ಲ ಪ್ರೋಟಾನನ್ನು ಬಹುಪಾಲು ಬಿಟ್ಟಿರುವ, ಹಿಸ್ಟಿಡಿನ್ ಇನ್ನೂ ಬಹುಪಾಲು ಹಿಡಿದಿರುವ ನಡುವಿನ ಜಾಗದಲ್ಲಿ.

ಪಠ್ಯಪುಸ್ತಕದ ಸುಲಭೋಪಾಯದಂತೆ 4.2 ಮತ್ತು 6ರ ಸರಾಸರಿ ತೆಗೆದರೆ 5.1 ಬರುತ್ತದೆ. ಆದರೆ ಒಂದು ಕಡೆ ನಾಲ್ಕು ಗುಂಪು, ಇನ್ನೊಂದು ಕಡೆ ಎರಡೇ. ಸರಾಸರಿಗೆ ಆ ಅಸಮತೆ ಕಾಣುವುದಿಲ್ಲ. ಪಿಎಚ್ 5.3 ಇಟ್ಟು ಪರೀಕ್ಷಿಸಿ. ಎರಡು ಹಿಸ್ಟಿಡಿನ್‌ಗಳು ಒಟ್ಟು 0.33ರಷ್ಟು ಧನ ಆವೇಶ ಕಳೆದುಕೊಂಡಿರುತ್ತವೆ. ಋಣದ ಕಡೆ ಗ್ಲುಟಾಮಿಕ್ ಆಮ್ಲಗಳಲ್ಲಿ 0.29, ಕಾರ್ಬಾಕ್ಸಿಲ್ ತುದಿಗಳಲ್ಲಿ 0.03 ಕೊರತೆ. ಹೆಚ್ಚುಕಡಿಮೆ ಸರಿದೂಗಿತು. ಪ್ರಯೋಗದಲ್ಲಿ ಸಿಗುವ ಬೆಲೆಯೂ 5.3ರಿಂದ 5.4ರ ಆಸುಪಾಸು. ಪಿಎಚ್ 7.4ರಲ್ಲಿ ಇದೇ ಲೆಕ್ಕ ಸುಮಾರು −2.3 ಕೊಡುತ್ತದೆ, ಹಾಗಾಗಿ ಈ ಇನ್ಸುಲಿನ್ ಚರ್ಮದಡಿ ಕರಗಿಯೇ ಉಳಿಯುತ್ತದೆ.

ಗ್ಲಾರ್ಜಿನ್ ರೂಪಿಸಿದವರು ಬಿ ಸರಪಳಿಯ ಕೊನೆಗೆ ಎರಡು ಆರ್ಜಿನಿನ್ ಜೋಡಿಸಿದರು. ಧನದ ಕಡೆ ಎಂಟು, ಋಣದ ಕಡೆ ಆರೇ. ಈಗ ಸೊನ್ನೆ ಮುಟ್ಟಲು ಎರಡು ಧನ ಆವೇಶ ಹೋಗಬೇಕು. ಮೊದಲು ಪ್ರೋಟಾನ್ ಬಿಡುವವು ಹಿಸ್ಟಿಡಿನ್‌ಗಳು, ಅನಂತರ ಅಮೈನೋ ತುದಿಗಳು. ಇಲ್ಲಿ ಎರಡಕ್ಕೆ ಎರಡು ಇರುವುದರಿಂದ ಸರಾಸರಿ ಸರಿಯಾಗಿಯೇ ಹೊಂದುತ್ತದೆ: 6 ಮತ್ತು 8ರ ನಡುವೆ 7. ಸೀಸೆಯ ಪಿಎಚ್ 4ರಲ್ಲಿ ನಿವ್ವಳ ಆವೇಶ ಸುಮಾರು +5, ಅಣುಗಳು ಬಲವಾಗಿ ದೂಡಿಕೊಂಡು ಕರಗಿರುತ್ತವೆ. 7.4ರಲ್ಲಿ ಅದು −0.3ಕ್ಕೆ ಇಳಿಯುತ್ತದೆ. ಗ್ಲಾರ್ಜಿನ್ ಜೊತೆ ಬೇರೆ ಇನ್ಸುಲಿನ್ ಬೆರೆಸಬಾರದು ಎನ್ನುವುದೂ ಇದಕ್ಕೇ: ಅವುಗಳ ದ್ರಾವಣ ತಟಸ್ಥವಾಗಿರುವುದರಿಂದ ಬೆರೆಸಿದಾಗ ಪಿಎಚ್ ಏರಿ, ಕಣಗಳು ಸಿರಿಂಜಿನಲ್ಲೇ ಮೂಡಬಹುದು.

ಗ್ಲಾರ್ಜಿನ್‌ನ ದಾಖಲಾದ ಸಮವಿದ್ಯುತ್ ಬಿಂದು 6.7, ನಮ್ಮ ಲೆಕ್ಕ 0.3 ಹೆಚ್ಚು ಹೇಳಿತು. ಪಟ್ಟಿಯ ಪಿಕೆಎಗಳು ಬಿಡಿ ಅಣುಗಳಿಂದ ಬಂದ ಸರಾಸರಿಗಳು, ಮಡಿಚಿಕೊಂಡ ಪ್ರೋಟೀನಿನಲ್ಲಿ ನೆರೆಯ ಗುಂಪುಗಳು ಅವನ್ನು ಬದಲಿಸುತ್ತವೆ. ಬಿ ಸರಪಳಿಯ ಅಮೈನೋ ತುದಿಗೆ 8ರ ಬದಲು 7 ಇಟ್ಟರೆ ಉತ್ತರ 6.7ಕ್ಕೇ ಬರುತ್ತದೆ. ಇನ್ನೊಂದು ಎಡವುವ ಜಾಗ ಸಿಸ್ಟೀನ್. ಇನ್ಸುಲಿನ್‌ನಲ್ಲಿ ಆರು ಸಿಸ್ಟೀನ್‌ಗಳಿವೆ, ಆದರೆ ಅವು ಜೋಡಿಜೋಡಿಯಾಗಿ ಗಂಧಕದ ಬಂಧದಲ್ಲಿ ಕಟ್ಟಿಕೊಂಡಿದ್ದು ಪ್ರೋಟಾನ್ ಬಿಡಲಾರವು. ಸರಪಳಿಯ ಅಕ್ಷರಗಳನ್ನಷ್ಟೇ ಓದುವ ತಂತ್ರಾಂಶ ಅವನ್ನು ಬಿಡಿಯೆಂದು ಎಣಿಸಿ, ಪಿಎಚ್ 7ರಲ್ಲಿ 0.3ರಷ್ಟು ಇಲ್ಲದ ಋಣ ಆವೇಶ ಸೇರಿಸಿಬಿಡುತ್ತದೆ. ಆಗಲೂ ಉತ್ತರ 7ಕ್ಕಿಂತ ಕೆಳಗಿಳಿದು ಅಳತೆಗೆ ಹತ್ತಿರ ಬಂದಂತೆ ಕಾಣುತ್ತದೆ. ಕಾರಣ ತಪ್ಪು, ಉತ್ತರ ಮಾತ್ರ ಸರಿಯೆನಿಸುವ ಇಂಥ ಕಡೆಯೇ ಯಾವ ಗುಂಪನ್ನು ಎಣಿಸಿದೆವು ಎಂದು ಒಂದೊಂದಾಗಿ ನೋಡಬೇಕಾಗುತ್ತದೆ.

ಗ್ಲಾರ್ಜಿನ್‌ನಲ್ಲಿ ಮತ್ತೊಂದು ಬದಲಾವಣೆಯಿದೆ, ಈ ಲೆಕ್ಕದಲ್ಲಿ ಅದು ಕಾಣುವುದಿಲ್ಲ. ಎ ಸರಪಳಿಯ ಕೊನೆಯಲ್ಲಿದ್ದ ಆಸ್ಪರಾಜಿನ್ ತೆಗೆದು ಗ್ಲೈಸಿನ್ ಇಟ್ಟಿದ್ದಾರೆ. ಎರಡರ ಪಾರ್ಶ್ವ ಸರಪಳಿಗೂ ಆವೇಶವಿಲ್ಲ, ಸಮವಿದ್ಯುತ್ ಬಿಂದು ಕದಲುವುದಿಲ್ಲ. ಆದರೆ ಆ ಆಸ್ಪರಾಜಿನ್ ಆಮ್ಲೀಯ ದ್ರಾವಣದಲ್ಲಿ ಕೆಡುತ್ತದೆ. ಅದನ್ನು ಹಾಗೇ ಬಿಟ್ಟಿದ್ದರೆ ಪಿಎಚ್ 4ರ ಸೀಸೆಯಲ್ಲಿ ಔಷಧ ಬಾಳುತ್ತಿರಲಿಲ್ಲ.